x⁴ + 1 ಒಡೆಯುತ್ತದೆಯೇ? ಯಾವ ಸಂಖ್ಯೆಗಳಲ್ಲಿ?

ಪ್ರಶ್ನೆ: ಸರ್, ನಾನು ಪಿಯುಸಿ ಮಕ್ಕಳಿಗೆ ಮನೆಯಲ್ಲೇ ಟ್ಯೂಷನ್ ಹೇಳುತ್ತೇನೆ. x⁴ + 1 ಅನ್ನು ಅಪವರ್ತಿಸಿ ಅಂತ ಕೊಟ್ಟಿದ್ದೆ. ಒಬ್ಬಳು “ಇದಕ್ಕೆ ಮೂಲಗಳೇ ಇಲ್ಲ, ಹಾಗಾಗಿ ಇರ್ರೆಡ್ಯೂಸಿಬಲ್” ಅಂತ ಬರೆದಳು. ಇನ್ನೊಬ್ಬ √2 ಹಾಕಿ ಎರಡು ಭಾಗ ಮಾಡಿದ. ಮೂರನೆಯವನು i ಹಾಕಿ ನಾಲ್ಕು ಭಾಗ ಮಾಡಿದ. x⁴ + 4 ಕ್ಕೂ ಮೂಲಗಳಿಲ್ಲ, ಆದರೆ ಅದು ಪೂರ್ಣಾಂಕಗಳಲ್ಲೇ ಒಡೆಯುತ್ತೆ. ಮೂವರಲ್ಲಿ ಯಾರಿಗೆ ಅಂಕ ಕೊಡಲಿ? ಎಲ್ಲಿ ಒಡೆಯುತ್ತೆ, ಎಲ್ಲಿ ಒಡೆಯಲ್ಲ ಅಂತ ಖಚಿತವಾಗಿ ತಿಳಿಯೋದು ಹೇಗೆ?

ಉತ್ತರ: ಎರಡನೆಯವನದು ವಾಸ್ತವ ಸಂಖ್ಯೆಗಳಲ್ಲಿ ಸರಿ. ಮೂರನೆಯವನದು ಸಂಕೀರ್ಣ ಸಂಖ್ಯೆಗಳಲ್ಲಿ ಸರಿ. ಮೊದಲನೆಯವಳ ತೀರ್ಮಾನ ಪೂರ್ಣಾಂಕಗಳ ಮಟ್ಟಿಗೆ ಸರಿ, ಆದರೆ ಅವಳು ಕೊಟ್ಟ ಕಾರಣ ತಪ್ಪು. ಆ ಕಾರಣವನ್ನೇ ಮೊದಲು ತಿದ್ದಬೇಕು. ಏಕೆಂದರೆ ಅದೇ ಕಾರಣ ಹಿಡಿದು ಹೋದರೆ ಅವಳು x⁴ + 4 ರಲ್ಲಿ ಎಡವುತ್ತಾಳೆ.

ಒಂದು ಬಹುಪದೋಕ್ತಿ ಇರ್ರೆಡ್ಯೂಸಿಬಲ್ ಎಂದಷ್ಟೇ ಹೇಳಿದರೆ ಮಾತು ಅರ್ಧಕ್ಕೇ ನಿಂತಂತೆ. ಯಾವ ಸಂಖ್ಯೆಗಳ ಮೇಲೆ ಎಂದು ಸೇರಿಸಿದಾಗಲೇ ಅದು ಪೂರ್ತಿಯಾಗುತ್ತದೆ. ಅಪವರ್ತನಗಳ ಸಹಗುಣಕಗಳಾಗಿ ಯಾವ ಸಂಖ್ಯೆಗಳನ್ನು ಬಳಸಬಹುದು ಎಂಬುದನ್ನು ಮೊದಲು ಗೊತ್ತು ಮಾಡಿಕೊಳ್ಳಬೇಕು. ಆ ಸಂಖ್ಯೆಗಳನ್ನಷ್ಟೇ ಬಳಸಿ, ಕಡಿಮೆ ಘಾತದ ಎರಡು ಬಹುಪದೋಕ್ತಿಗಳ ಗುಣಲಬ್ಧವಾಗಿ ಬರೆಯಲು ಆಗದಿದ್ದರೆ, ಅಲ್ಲಿ ಅದು ಇರ್ರೆಡ್ಯೂಸಿಬಲ್. x⁴ + 1 ಬದಲಾಗಿಲ್ಲ, ನಿಮ್ಮ ಮೂವರು ವಿದ್ಯಾರ್ಥಿಗಳು ಬಳಸಿದ ಸಂಖ್ಯೆಗಳು ಬೇರೆ ಬೇರೆ, ಅಷ್ಟೇ.

ಈಗ “ಮೂಲ ಇಲ್ಲದಿದ್ದರೆ ಒಡೆಯಲ್ಲ” ಅನ್ನುವ ನಂಬಿಕೆಗೆ ಬರೋಣ. ಇದು ಸುಮ್ನೆ ಹುಟ್ಟಿದ್ದಲ್ಲ. ಹತ್ತನೇ ತರಗತಿಯವರೆಗೆ ಮಕ್ಕಳು ನೋಡುವುದು ಹೆಚ್ಚಾಗಿ ವರ್ಗ ಬಹುಪದೋಕ್ತಿಗಳನ್ನು. ಘಾತ 2 ಇರುವುದು ಒಡೆದರೆ ಎರಡೂ ತುಂಡು ಘಾತ 1 ರವು. ಘಾತ 3 ಇರುವುದು ಒಡೆದರೆ ಒಂದು ತುಂಡಾದರೂ ಘಾತ 1 ರದು. ಘಾತ 1 ರ ತುಂಡು ಎಂದರೆ ಒಂದು ಮೂಲ. ಹಾಗಾಗಿ ಆ ಎರಡು ಘಾತಗಳಿಗೆ, ಭಾಗಲಬ್ಧ ಸಂಖ್ಯೆಗಳಲ್ಲೋ ವಾಸ್ತವ ಸಂಖ್ಯೆಗಳಲ್ಲೋ ಕೆಲಸ ಮಾಡುವಾಗ, ಈ ನಿಯಮ ನಿಜವೇ. ಘಾತ 4 ಕ್ಕೆ ಬಂದ ಕೂಡಲೇ ಅದು ಕೈಕೊಡುತ್ತದೆ. ನಾಲ್ಕನ್ನು 2 + 2 ಆಗಿಯೂ ಒಡೆಯಬಹುದು ಅಲ್ವಾ? ಆಗ ಎರಡೂ ತುಂಡುಗಳಿಗೆ ಮೂಲ ಇಲ್ಲದೇ ಇರಬಹುದು. ನೀವು ಹೇಳಿದ x⁴ + 4 ಇದಕ್ಕೆ ಒಳ್ಳೆಯ ಉದಾಹರಣೆ. 4x² ಕೂಡಿಸಿ ಕಳೆದರೆ ಅದು (x² + 2)² − (2x)² ಆಗುತ್ತದೆ. ಅಲ್ಲಿಂದ (x² + 2x + 2)(x² − 2x + 2). ಎರಡಕ್ಕೂ ಶೋಧಕ −4, ವಾಸ್ತವ ಮೂಲ ಒಂದೂ ಇಲ್ಲ. ಆದರೂ ಒಡೆದಿದೆ.

ಹಾಗಾದರೆ x⁴ + 1 ಪೂರ್ಣಾಂಕಗಳಲ್ಲಿ ಒಡೆಯುವುದಿಲ್ಲ ಎಂದು ತೋರಿಸುವುದು ಹೇಗೆ? ಮಕ್ಕಳ ಕೈಯಲ್ಲಿ ಈ ಲೆಕ್ಕವನ್ನು ಒಮ್ಮೆ ಪೂರ್ತಿ ಮಾಡಿಸಿ ಅನ್ನುವುದು ನನ್ನ ಒತ್ತಾಯ. ಮೂವರ ಉತ್ತರಗಳೂ ಇದೊಂದೇ ಲೆಕ್ಕದ ಒಳಗಿವೆ.

ಮೊದಲು ಘಾತ 1 ರ ತುಂಡು. ಮೊದಲ ಪದದ ಸಹಗುಣಕ 1 ಆಗಿರುವುದರಿಂದ, ಭಾಗಲಬ್ಧ ಮೂಲ ಇದ್ದರೆ ಅದು ಸ್ಥಿರ ಪದವನ್ನು ಭಾಗಿಸುವ ಪೂರ್ಣಾಂಕವೇ ಆಗಬೇಕು. ಅಂದರೆ 1 ಅಥವಾ −1. ಎರಡನ್ನೂ ಹಾಕಿದರೆ 2 ಬರುತ್ತದೆ, ಸೊನ್ನೆ ಬರುವುದಿಲ್ಲ. ಮೊದಲನೆಯ ವಿದ್ಯಾರ್ಥಿನಿ ನಿಂತದ್ದು ಇಲ್ಲಿ. ಇನ್ನೂ ಅರ್ಧ ಕೆಲಸ ಬಾಕಿ ಇದೆ. ಎರಡು ವರ್ಗ ತುಂಡುಗಳು ಇರಬಹುದೇ ಎಂದು ನೋಡಬೇಕು:

x⁴ + 1 = (x² + ax + b)(x² + cx + d)

ಬಲಗಡೆಯದನ್ನು ಬಿಡಿಸಿ ಸಹಗುಣಕಗಳನ್ನು ಹೋಲಿಸಿ. x³ ನಿಂದ a + c = 0, ಅಂದರೆ c = −a. x² ನಿಂದ b + d = a². x ನಿಂದ a(d − b) = 0. ಸ್ಥಿರ ಪದದಿಂದ bd = 1.

ಮೂರನೆಯ ಸಮೀಕರಣ ಎರಡು ದಾರಿ ತೆರೆಯುತ್ತದೆ. a = 0 ಆಗಬೇಕು, ಇಲ್ಲವೇ b = d ಆಗಬೇಕು. a = 0 ಆದರೆ d = −b, ಆಗ b² = −1. b = d ಆದರೆ b² = 1, ಹಾಗಾಗಿ b ಯ ಬೆಲೆ 1 ಅಥವಾ −1. b = 1 ಆದಾಗ a² = 2. b = −1 ಆದಾಗ a² = −2.

ಇಷ್ಟೇ. ನಾಲ್ಕನೆಯ ದಾರಿ ಇಲ್ಲ. x⁴ + 1 ಎರಡು ವರ್ಗ ತುಂಡುಗಳಾಗಬೇಕಾದರೆ ನಿಮ್ಮ ಕೈಯಲ್ಲಿ −1 ರ ವರ್ಗಮೂಲ ಇರಬೇಕು, ಅಥವಾ 2 ರದು ಇರಬೇಕು, ಅಥವಾ −2 ರದು ಇರಬೇಕು. ಪೂರ್ಣಾಂಕಗಳಲ್ಲಿ ಈ ಮೂರೂ ಇಲ್ಲ. ಹಾಗಾಗಿ ಅಲ್ಲಿ ಅದು ಇರ್ರೆಡ್ಯೂಸಿಬಲ್. ವಾಸ್ತವ ಸಂಖ್ಯೆಗಳಲ್ಲಿ √2 ಒಂದು ಮಾತ್ರ ಇದೆ, ಹಾಗಾಗಿ ಅಲ್ಲಿ ಒಂದೇ ರೀತಿ ಒಡೆಯುತ್ತದೆ: (x² + √2x + 1)(x² − √2x + 1). ಸಂಕೀರ್ಣ ಸಂಖ್ಯೆಗಳಲ್ಲಿ ಮೂರೂ ಇವೆ, ಅಲ್ಲಿ ಮೂರು ರೀತಿಯಲ್ಲೂ ವರ್ಗ ತುಂಡುಗಳು ಸಿಗುತ್ತವೆ. ಆ ತುಂಡುಗಳು ಮತ್ತೂ ಒಡೆದು ಕೊನೆಗೆ ಘಾತ 1 ರ ಅದೇ ನಾಲ್ಕು ತುಂಡುಗಳಿಗೆ ಬಂದು ನಿಲ್ಲುತ್ತವೆ.

x⁴ + 4 ಯಾಕೆ ಬೇರೆ ಎಂಬುದೂ ಇದರಲ್ಲೇ ಇದೆ. ಅಲ್ಲಿ bd = 4. b = d = 2 ಎಂದು ಹಿಡಿದರೆ a² = 4, a = 2. ವರ್ಗಮೂಲ ಪೂರ್ಣಾಂಕವಾಗಿಯೇ ಸಿಕ್ಕಿತು. ಎರಡಕ್ಕೂ ವಾಸ್ತವ ಮೂಲ ಇಲ್ಲ ಅನ್ನುವುದಕ್ಕೂ ಈ ವ್ಯತ್ಯಾಸಕ್ಕೂ ಸಂಬಂಧವೇ ಇಲ್ಲ.

ಇಲ್ಲಿ ಒಬ್ಬ ಜಾಣ ವಿದ್ಯಾರ್ಥಿ ಕೇಳಬಹುದು: ಪೂರ್ಣಾಂಕಗಳಲ್ಲಿ ಒಡೆಯದೇ ಇದ್ದದ್ದು ಭಿನ್ನರಾಶಿಗಳನ್ನು ಬಳಸಿದರೆ ಒಡೆಯಬಹುದಲ್ಲ? ಒಡೆಯುವುದಿಲ್ಲ. ಪೂರ್ಣಾಂಕ ಸಹಗುಣಕಗಳ ಬಹುಪದೋಕ್ತಿ ಭಿನ್ನರಾಶಿಗಳಿಂದ ಕಡಿಮೆ ಘಾತದ ತುಂಡುಗಳಾದರೆ, ಛೇದಗಳನ್ನು ಸರಿಹೊಂದಿಸಿ ಪೂರ್ಣಾಂಕಗಳಿಂದಲೂ ಅದೇ ಘಾತದ ತುಂಡುಗಳನ್ನಾಗಿ ಬರೆಯಬಹುದು. ಇದು ಗೌಸ್ 1801 ರ ತನ್ನ ಅಂಕಗಣಿತ ಗ್ರಂಥದಲ್ಲಿ ಕೊಟ್ಟ ಫಲಿತಾಂಶದಿಂದ ಬರುವ ಮಾತು. ಅದಕ್ಕೇ ಮೇಲಿನ ಲೆಕ್ಕದಲ್ಲಿ a, b ಗಳು ಪೂರ್ಣಾಂಕ ಎಂದಷ್ಟೇ ನೋಡಿದರೆ ಸಾಕು. ಒಂದು ಸಣ್ಣ ಎಚ್ಚರಿಕೆ ಮಾತ್ರ ಬೇಕು. 2x² + 4 ಅನ್ನು 2(x² + 2) ಎಂದು ಬರೆಯಬಹುದು. ಪೂರ್ಣಾಂಕಗಳಲ್ಲಿ 2 ಕ್ಕೆ ವಿಲೋಮ ಇಲ್ಲ, ಹಾಗಾಗಿ ಅದೂ ನಿಜವಾದ ಅಪವರ್ತನವೇ. ಕಟ್ಟುನಿಟ್ಟಾಗಿ ಹೇಳಿದರೆ ಪೂರ್ಣಾಂಕಗಳ ಮೇಲೆ 2x² + 4 ಇರ್ರೆಡ್ಯೂಸಿಬಲ್ ಅಲ್ಲ. ಭಾಗಲಬ್ಧ ಸಂಖ್ಯೆಗಳ ಮೇಲೆ ಹೌದು. ಸಾಮಾನ್ಯ ಅಪವರ್ತನವನ್ನು ಮೊದಲೇ ಹೊರಗೆ ತೆಗೆದುಬಿಟ್ಟರೆ ಈ ತೊಡಕು ಇರುವುದಿಲ್ಲ.

ವಾಸ್ತವ ಸಂಖ್ಯೆಗಳಿಗೆ ಹೋದರೆ ಪ್ರಶ್ನೆ ತುಂಬ ಹಗುರಾಗುತ್ತದೆ. ಅಲ್ಲಿ ಇರ್ರೆಡ್ಯೂಸಿಬಲ್ ಆಗಿರುವುದು ಎರಡೇ ಬಗೆ. ಒಂದು, ಘಾತ 1 ರವು. ಇನ್ನೊಂದು, ಶೋಧಕ ಋಣವಾಗಿರುವ ಘಾತ 2 ರವು. ಘಾತ 3 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಒಡೆದೇ ಒಡೆಯುತ್ತದೆ, ಪರೀಕ್ಷೆಯೇ ಬೇಡ. ಕಾರಣ ಹೀಗಿದೆ. ಸಂಕೀರ್ಣ ಸಂಖ್ಯೆಗಳಲ್ಲಿ ಪ್ರತಿ ಬಹುಪದೋಕ್ತಿಯೂ ಪೂರ್ತಿಯಾಗಿ ಘಾತ 1 ರ ತುಂಡುಗಳಾಗುತ್ತದೆ. ಅಲ್ಲಿ ಇರ್ರೆಡ್ಯೂಸಿಬಲ್ ಅಂದರೆ ಘಾತ 1, ಬೇರೆ ಯಾವುದೂ ಇಲ್ಲ. ಸಹಗುಣಕಗಳು ವಾಸ್ತವ ಆಗಿದ್ದರೆ, ಒಂದು ಸಂಕೀರ್ಣ ಮೂಲದ ಜೊತೆಗೆ i ಯ ಚಿಹ್ನೆ ಬದಲಾದ ಅದರ ಜೋಡಿಯೂ ಮೂಲವಾಗಿರುತ್ತದೆ. ಆ ಎರಡನ್ನು ಗುಣಿಸಿದರೆ i ಮಾಯವಾಗಿ ಒಂದು ವಾಸ್ತವ ವರ್ಗ ತುಂಡು ಸಿಗುತ್ತದೆ.

x⁴ + 1 ರಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಅದರ ನಾಲ್ಕು ಮೂಲಗಳು 1 ತ್ರಿಜ್ಯದ ವೃತ್ತದ ಮೇಲೆ 45°, 135°, 225°, 315° ಕೋನಗಳಲ್ಲಿವೆ. ಬೋರ್ಡಿನ ಮೇಲೆ ಬರೆದು ತೋರಿಸಿ. ನಾಲ್ಕು ಬಿಂದುಗಳನ್ನು ಎರಡು ಜೋಡಿ ಮಾಡಲು ಮೂರೇ ವಿಧ. 45° ಯನ್ನು 315° ಜೊತೆ ಸೇರಿಸಿದರೆ ಮೊತ್ತ √2, ಗುಣಲಬ್ಧ 1. ಅದು x² − √2x + 1. 45° ಯನ್ನು ಎದುರಿಗಿರುವ 225° ಜೊತೆ ಸೇರಿಸಿದರೆ ಮೊತ್ತ 0, ತುಂಡು x² − i. 45° ಯನ್ನು 135° ಜೊತೆ ಸೇರಿಸಿದರೆ ಮೊತ್ತ i√2, ಗುಣಲಬ್ಧ −1. ಅದು x² − i√2x − 1. ಮೇಲೆ ಲೆಕ್ಕದಲ್ಲಿ ಬಂದ ಮೂರು ದಾರಿಗಳು ಇವೇ.

ತಪ್ಪು ಜೋಡಿ ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ಗಣಿತದ ಇತಿಹಾಸದಲ್ಲೇ ಸಾಕ್ಷಿ ಇದೆ. 1702 ರಲ್ಲಿ ಲೈಬ್ನಿಟ್ಸ್ x⁴ + a⁴ ಅನ್ನು ವಾಸ್ತವ ವರ್ಗ ತುಂಡುಗಳಾಗಿ ಒಡೆಯಲು ಆಗುವುದಿಲ್ಲ ಎಂದು ಬರೆದ. ಕ್ಯಾಲ್ಕುಲಸ್ ಕಟ್ಟಿದವರಲ್ಲಿ ಒಬ್ಬ ಆತ! 1/(x⁴ + a⁴) ನ ಅನುಕಲನ ಹುಡುಕುವಾಗ ಈ ಪ್ರಶ್ನೆ ಎದುರಾಗಿತ್ತು. ಆತ ಮೊದಲು (x² + a²i)(x² − a²i) ಎಂದು ಒಡೆದ. ಮುಂದೆ i ಯ ವರ್ಗಮೂಲವೇ ಬಂದಾಗ, ಯಾವ ಎರಡನ್ನು ಸೇರಿಸಿದರೂ ವಾಸ್ತವ ಸಿಗದು ಎಂದುಕೊಂಡ. 1719 ರಲ್ಲಿ ನಿಕೊಲಾಸ್ ಬರ್ನೂಲಿ 2a²x² ಕೂಡಿಸಿ ಕಳೆಯುವ ದಾರಿಯಿಂದ ಅದು ಒಡೆಯುತ್ತದೆ ಎಂದು ತೋರಿಸಿದ. ಅದೇ ನಿಮ್ಮ ಎರಡನೆಯ ವಿದ್ಯಾರ್ಥಿಯ ದಾರಿ. ಅವನಿಗೆ ಈ ವಿಷಯ ಹೇಳಿ, ಖುಷಿಪಡುತ್ತಾನೆ.

ಒಂದು ಗಡಿಯನ್ನೂ ಹೇಳಬೇಕು. ವಾಸ್ತವ ಸಂಖ್ಯೆಗಳಲ್ಲಿ ಒಡೆಯುತ್ತದೆ ಎನ್ನುವುದು ಬೇರೆ, ಆ ತುಂಡುಗಳನ್ನು ನಾವು ಬರೆದು ತೋರಿಸಬಲ್ಲೆವು ಎನ್ನುವುದು ಬೇರೆ. x⁵ − x − 1 ಖಂಡಿತ ಒಡೆಯುತ್ತದೆ: ಘಾತ 1 ರದು ಒಂದು, ಘಾತ 2 ರವು ಎರಡು. ಆದರೆ ಅದರ ಮೂಲಗಳನ್ನು ಕೂಡು, ಕಳೆ, ಗುಣಿಸು, ಭಾಗಿಸು ಮತ್ತು ಮೂಲಚಿಹ್ನೆಗಳಿಂದ ಬರೆಯಲು ಸಾಧ್ಯವೇ ಇಲ್ಲ. ವಾಸ್ತವ ಮೂಲ ಸುಮಾರು 1.1673 ಎಂದು ದಶಮಾಂಶದಲ್ಲಿ ಹೇಳಬಹುದು, ಅಷ್ಟೇ. ಅದೇ x⁵ − x − 1 ಪೂರ್ಣಾಂಕಗಳ ಮೇಲೆ ಇರ್ರೆಡ್ಯೂಸಿಬಲ್.

ಹಾಗಾಗಿ ನಿಜವಾದ ಕಷ್ಟ ಇರುವುದು ಪೂರ್ಣಾಂಕಗಳಲ್ಲೇ. ಘಾತ ಎಷ್ಟೇ ಇದ್ದರೂ ಅಲ್ಲಿ ಇರ್ರೆಡ್ಯೂಸಿಬಲ್ ಬಹುಪದೋಕ್ತಿಗಳಿವೆ, ನೋಡಿದ ಕೂಡಲೇ ಹೇಳುವ ಒಂದು ಸೂತ್ರ ಇಲ್ಲ. ಸಹಗುಣಕ ಹೋಲಿಸುವ ದಾರಿ ಘಾತ 4 ಕ್ಕೆ ಚೆನ್ನಾಗಿ ನಡೆಯುತ್ತದೆ. 5, 6 ಕ್ಕೆ ಹೋದರೆ ಸಮೀಕರಣಗಳು ಕೈಮೀರುತ್ತವೆ. ಆಗ ಇನ್ನೆರಡು ದಾರಿಗಳಿವೆ. ಎರಡಕ್ಕೂ ಅವುಗಳದೇ ಅಪಾಯ ಇದೆ.

ಒಂದು, ಐಸೆನ್‌ಸ್ಟೈನ್ ಪರೀಕ್ಷೆ. 1850 ರಲ್ಲಿ ಐಸೆನ್‌ಸ್ಟೈನ್ ಕೊಟ್ಟದ್ದು, ಅದಕ್ಕೂ ಮೊದಲು 1846 ರಲ್ಲಿ ಶ್ಯೋನೆಮಾನ್ ಕೊಟ್ಟಿದ್ದ. ಒಂದು ಅವಿಭಾಜ್ಯ ಸಂಖ್ಯೆ p ಮೊದಲ ಸಹಗುಣಕವನ್ನು ಬಿಟ್ಟು ಉಳಿದೆಲ್ಲವನ್ನೂ ಭಾಗಿಸಬೇಕು, ಆದರೆ p² ಸ್ಥಿರ ಪದವನ್ನು ಭಾಗಿಸಬಾರದು. ಹಾಗಿದ್ದರೆ ಭಾಗಲಬ್ಧ ಸಂಖ್ಯೆಗಳ ಮೇಲೆ ಅದು ಇರ್ರೆಡ್ಯೂಸಿಬಲ್. x⁴ + 1 ಕ್ಕೆ ನೇರವಾಗಿ ಇದು ತಾಗುವುದಿಲ್ಲ, ಏಕೆಂದರೆ 1 ಅನ್ನು ಯಾವ ಅವಿಭಾಜ್ಯವೂ ಭಾಗಿಸದು. ಆದರೆ x ಇದ್ದಲ್ಲಿ x + 1 ಹಾಕಿ ನೋಡಿ: x⁴ + 4x³ + 6x² + 4x + 2. ಈಗ 4, 6, 4, 2 ಎಲ್ಲವನ್ನೂ 2 ಭಾಗಿಸುತ್ತದೆ, 2 ಅನ್ನು 4 ಭಾಗಿಸುವುದಿಲ್ಲ. ಕೆಲಸ ಮುಗಿಯಿತು. x ಅನ್ನು ಒಂದು ಹೆಜ್ಜೆ ಸರಿಸಿದ್ದರಿಂದ ಒಡೆಯುವ ಗುಣ ಬದಲಾಗುವುದಿಲ್ಲ. ಇದರ ಅಪಾಯ ಏನೆಂದರೆ, ಪರೀಕ್ಷೆ ತಾಗಲಿಲ್ಲ ಎಂದ ಮಾತ್ರಕ್ಕೆ ಮಕ್ಕಳು “ಹಾಗಾದರೆ ಒಡೆಯುತ್ತದೆ” ಎಂದು ಬರೆದುಬಿಡುತ್ತಾರೆ. ಹಾಗೇನೂ ಇಲ್ಲ. ತಾಗಲಿಲ್ಲ ಅಂದರೆ ಪರೀಕ್ಷೆ ಏನೂ ಹೇಳಲಿಲ್ಲ ಎಂದಷ್ಟೇ ಅರ್ಥ.

ಇನ್ನೊಂದು, ಒಂದು ಅವಿಭಾಜ್ಯ ಸಂಖ್ಯೆಯಿಂದ ಭಾಗಿಸಿದಾಗ ಉಳಿಯುವ ಶೇಷಗಳಲ್ಲಿ ಲೆಕ್ಕ ಮಾಡುವುದು. ಉದಾಹರಣೆಗೆ x⁴ + 6x³ − 4x² + 3x + 7. ಸಹಗುಣಕಗಳನ್ನು 2 ರಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಂಡರೆ x⁴ + x + 1 ಉಳಿಯುತ್ತದೆ. ಈ ಲೋಕದಲ್ಲಿ ಇರುವುದು 0 ಮತ್ತು 1 ಮಾತ್ರ, 1 + 1 = 0. x = 0 ಹಾಕಿದರೂ x = 1 ಹಾಕಿದರೂ 1 ಬರುತ್ತದೆ, ಹಾಗಾಗಿ ಘಾತ 1 ರ ತುಂಡು ಇಲ್ಲ. ಮೂಲ ಇಲ್ಲದ ವರ್ಗ ಬಹುಪದೋಕ್ತಿ ಇಲ್ಲಿ ಒಂದೇ, x² + x + 1. ಅದರ ವರ್ಗ x⁴ + x² + 1. ನಮ್ಮದು ಅದಲ್ಲ. ಹಾಗಾಗಿ ಇಲ್ಲಿ ಒಡೆಯಲಿಲ್ಲ, ಪೂರ್ಣಾಂಕಗಳಲ್ಲೂ ಒಡೆಯುವುದಿಲ್ಲ. ನೆನಪಿಡಬೇಕಾದ್ದು, p ಮೊದಲ ಸಹಗುಣಕವನ್ನು ಭಾಗಿಸಬಾರದು. ಭಾಗಿಸಿದರೆ ಘಾತವೇ ಇಳಿದುಹೋಗುತ್ತದೆ.

ಇದೂ ಒಂದೇ ದಿಕ್ಕಿನ ಪರೀಕ್ಷೆ. ಶೇಷಗಳಲ್ಲಿ ಒಡೆದರೆ ಪೂರ್ಣಾಂಕಗಳಲ್ಲೂ ಒಡೆಯುತ್ತದೆ ಎನ್ನುವಂತಿಲ್ಲ. ಇದಕ್ಕೆ ಅತಿ ಸುಂದರ ಸಾಕ್ಷಿ ಮತ್ತೆ x⁴ + 1. p = 2 ರಲ್ಲಿ ಅದು (x + 1)⁴. 3 ರಲ್ಲಿ (x² + x − 1)(x² − x − 1). 5 ರಲ್ಲಿ (x² + 2)(x² − 2). 7 ರಲ್ಲಿ (x² + 3x + 1)(x² − 3x + 1). ಯಾವ ಅವಿಭಾಜ್ಯ ಹಿಡಿದರೂ ಒಡೆಯುತ್ತಲೇ ಹೋಗುತ್ತದೆ! ಕಾರಣ ನಮ್ಮ ಮೂರು ದಾರಿಗಳೇ. p ಬೆಸ ಅವಿಭಾಜ್ಯ ಆಗಿದ್ದಾಗ, ವರ್ಗ ಅಲ್ಲದ ಎರಡು ಶೇಷಗಳನ್ನು ಗುಣಿಸಿದರೆ ವರ್ಗವೇ ಬರುತ್ತದೆ. ಹಾಗಾಗಿ −1 ಮತ್ತು 2 ಎರಡೂ ವರ್ಗ ಅಲ್ಲದಿದ್ದರೆ, ಅವುಗಳ ಗುಣಲಬ್ಧ −2 ವರ್ಗ ಆಗಲೇಬೇಕು. ಮೂರರಲ್ಲಿ ಒಂದಾದರೂ ಬಾಗಿಲು ಯಾವಾಗಲೂ ತೆರೆದಿರುತ್ತದೆ. ಪೂರ್ಣಾಂಕಗಳಲ್ಲಿ ಮಾತ್ರ ಮೂರೂ ಮುಚ್ಚಿವೆ.

ಮಕ್ಕಳಿಗೆ ಇನ್ನೊಂದು ಕೊಡಿ: x⁴ − 10x² + 1. ಇದಕ್ಕೆ ನಾಲ್ಕು ವಾಸ್ತವ ಮೂಲಗಳಿವೆ, √2 + √3 ಮತ್ತು ಚಿಹ್ನೆ ಬದಲಿಸಿದರೆ ಸಿಗುವ ಉಳಿದ ಮೂರು. ಆದ್ದರಿಂದ ವಾಸ್ತವ ಸಂಖ್ಯೆಗಳಲ್ಲಿ ಪೂರ್ತಿ ಪುಡಿಯಾಗುತ್ತದೆ. ಪೂರ್ಣಾಂಕಗಳಲ್ಲಿ? 1 ಮತ್ತು −1 ಮೂಲಗಳಲ್ಲ. ವರ್ಗ ತುಂಡುಗಳಿಗೆ ಅದೇ ಲೆಕ್ಕ ಹಾಕಿದರೆ b = d = 1 ಆದಾಗ a² = 12, b = d = −1 ಆದಾಗ a² = 8, a = 0 ಆದಾಗ b² + 10b + 1 = 0, ಅದರ ಶೋಧಕ 96. ಯಾವುದೂ ಪೂರ್ಣ ವರ್ಗ ಅಲ್ಲ. ಹಾಗಾಗಿ ಇರ್ರೆಡ್ಯೂಸಿಬಲ್. x⁴ + 1 ಕ್ಕೆ ವಾಸ್ತವ ಮೂಲ ಒಂದೂ ಇಲ್ಲ, ಇದಕ್ಕೆ ನಾಲ್ಕಿವೆ, ಆದರೂ ಪೂರ್ಣಾಂಕಗಳ ಮೇಲೆ ಎರಡರ ಗತಿಯೂ ಒಂದೇ.

ಕಂಪ್ಯೂಟರಿನಲ್ಲಿ ಪರೀಕ್ಷಿಸುವುದಾದರೆ ಪೈಥಾನ್‌ನ SymPy ಸಾಕು. ಅದು ಬೇರೇನೂ ಹೇಳದಿದ್ದರೆ ಭಾಗಲಬ್ಧ ಸಂಖ್ಯೆಗಳ ಮೇಲೆಯೇ ಒಡೆಯುತ್ತದೆ ಎಂಬುದು ಗೊತ್ತಿರಲಿ:

```python
from sympy import symbols, factor, sqrt
x = symbols('x')
print(factor(x**4 + 1))
print(factor(x**4 + 1, extension=sqrt(2)))
print(factor(x**4 + 1, gaussian=True))
```

ಮೊದಲ ಸಾಲಿಗೆ x⁴ + 1 ಹಾಗೆಯೇ ವಾಪಸ್ ಬರುತ್ತದೆ. ಅದನ್ನು ನೋಡಿ “ಎಲ್ಲೂ ಒಡೆಯಲ್ಲ” ಎಂದುಕೊಳ್ಳಬಾರದು. ಎರಡನೆಯದು √2 ರ ತುಂಡುಗಳನ್ನು ಕೊಡುತ್ತದೆ. ಮೂರನೆಯದು x² + i ಮತ್ತು x² − i ಹತ್ತಿರ ನಿಲ್ಲುತ್ತದೆ, ಏಕೆಂದರೆ ನಾವು i ಯನ್ನು ಮಾತ್ರ ಕೊಟ್ಟಿದ್ದೇವೆ, √2 ಕೊಟ್ಟಿಲ್ಲ.

ದಶಮಾಂಶಗಳಲ್ಲಿ ಮೂಲ ಹುಡುಕಿ ತೀರ್ಮಾನಿಸುವ ಅಭ್ಯಾಸವನ್ನು ಮಾತ್ರ ಬಿಡಿಸಿ. x² − 2x + 1 ವಾಸ್ತವ ಸಂಖ್ಯೆಗಳಲ್ಲಿ (x − 1)². ಸ್ಥಿರ ಪದ 1.0000001 ಆದರೆ ಶೋಧಕ ಋಣವಾಗಿ ಅದು ಇರ್ರೆಡ್ಯೂಸಿಬಲ್ ಆಗಿಬಿಡುತ್ತದೆ. ಸಹಗುಣಕ ಅಳತೆಯಿಂದ ಬಂದಿದ್ದರೆ, ಅಥವಾ ಕ್ಯಾಲ್ಕುಲೇಟರ್ ಅದನ್ನು ಕತ್ತರಿಸಿದ್ದರೆ, ಎರಡರಲ್ಲಿ ಯಾವುದು ನಿಮ್ಮ ಮುಂದಿದೆ ಎಂದು ಹೇಳಲು ಬರುವುದಿಲ್ಲ. ನಿಖರ ಸಹಗುಣಕಗಳಿದ್ದಾಗ ಮಾತ್ರ ಈ ಪ್ರಶ್ನೆಗೆ ಉತ್ತರ ಇದೆ. ಮುಂದಿನ ಸಲ ಪ್ರಶ್ನೆ ಕೊಡುವಾಗ “x⁴ + 1 ಅನ್ನು ವಾಸ್ತವ ಸಂಖ್ಯೆಗಳ ಮೇಲೆ ಅಪವರ್ತಿಸಿ” ಎಂದು ಪೂರ್ತಿ ಬರೆಯಿರಿ. ಈ ಸಲದ ಮಟ್ಟಿಗೆ ಎರಡನೆಯವನಿಗೂ ಮೂರನೆಯವನಿಗೂ ಪೂರ್ತಿ ಅಂಕ ಕೊಡಿ, ಮೊದಲನೆಯವಳಿಗೆ ಅರ್ಧ ಕೊಟ್ಟು ವರ್ಗ ತುಂಡುಗಳ ಲೆಕ್ಕವನ್ನು ಅವಳಿಂದಲೇ ಮಾಡಿಸಿ.